ಸತ್ಯಾಂಶ: ಹೊಸ ಗರಿಷ್ಠ, ಹೊಸ ಕನಿಷ್ಠಗಳ ಲೆಕ್ಕ ಏನು ಹೇಳುತ್ತದೆ?

ಹೂಡಿಕೆದಾರರಿಗೆ ಬರುವ ಒಂದು ಸಂದೇಶ: “ಸೂಚ್ಯಂಕ ದಾಖಲೆ ಮಟ್ಟದಲ್ಲಿದ್ದಾಗ 52 ವಾರಗಳ ಕನಿಷ್ಠಕ್ಕಿಳಿದ ಷೇರುಗಳೇ ಹೆಚ್ಚಾಗಿದ್ದರೆ ವಾರದೊಳಗೆ ಮಾರುಕಟ್ಟೆ ಕುಸಿಯುತ್ತದೆ, ಇಂದೇ ಮಾರಿಬಿಡಿ.”

ಲಕ್ಷಣ ನಿಜ, ಗಡುವು ತಪ್ಪು. 1999ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ 52 ವಾರಗಳ ಹೊಸ ಗರಿಷ್ಠ ಮುಟ್ಟಿದ ಷೇರುಗಳ ಸಂಖ್ಯೆಯಿಂದ ಹೊಸ ಕನಿಷ್ಠಕ್ಕಿಳಿದ ಷೇರುಗಳ ಸಂಖ್ಯೆಯನ್ನು ಕಳೆದರೆ ಎಷ್ಟೋ ದಿನ ಉತ್ತರ ಸೊನ್ನೆಗಿಂತ ಕೆಳಗಿರುತ್ತಿತ್ತು. ಆದರೂ ದೊಡ್ಡ ಕಂಪನಿಗಳ ಭಾರವೇ ಹೆಚ್ಚಿರುವ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಆ ವರ್ಷ ಶೇ 19ಕ್ಕೂ ಹೆಚ್ಚು ಏರಿ, 2000ದ ಮಾರ್ಚ್‌ನಲ್ಲಷ್ಟೇ ಶಿಖರ ಮುಟ್ಟಿತು. ಏರಿಕೆ ಕೆಲವೇ ಷೇರುಗಳ ಮೇಲೆ ನಿಂತಿದೆ ಎಂಬುದನ್ನು ಈ ಲೆಕ್ಕ ತಿಳಿಸಿತ್ತು, ದಿನಾಂಕವನ್ನಲ್ಲ.

ನನ್ನ ದೃಷ್ಟಿಯಲ್ಲಿ ಮಾರುಕಟ್ಟೆ ಕುಸಿದು ತಳ ಮುಟ್ಟುವ ವೇಳೆ ಈ ಲೆಕ್ಕ ಹೆಚ್ಚು ನೆರವಾಗುತ್ತದೆ. 2009ರ ಮಾರ್ಚ್‌ನಲ್ಲಿ ಅದೇ ಸೂಚ್ಯಂಕ 2008ರ ಅಕ್ಟೋಬರ್‌ಗಿಂತ ಬಹಳ ಕೆಳಗಿಳಿದರೂ, ಹೊಸ ಕನಿಷ್ಠ ಕಂಡ ಷೇರುಗಳು ಆಗಿನದಕ್ಕಿಂತ ತೀರ ಕಡಿಮೆಯಿದ್ದವು; ಅಂದರೆ ಹೆಚ್ಚಿನ ಷೇರುಗಳಲ್ಲಿ ಮಾರಾಟದ ಒತ್ತಡ ಆಗಲೇ ತಗ್ಗಿತ್ತು.

ಇಂಥ ಸಂದೇಶ ಬಂದಾಗ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ದಿನವೂ ಸಿಗುವ 52 ವಾರಗಳ ಗರಿಷ್ಠ, ಕನಿಷ್ಠಗಳ ಪಟ್ಟಿಯನ್ನು ತೆರೆದು ನೀವೇ ಎಣಿಸಬಹುದು. ಗರಿಷ್ಠ 60, ಕನಿಷ್ಠ 85 ಇದ್ದರೆ ಆ ದಿನದ ಉತ್ತರ ಮೈನಸ್ 25. ಒಂದು ದಿನದ ಅಂಕಿಯನ್ನು ನಂಬದೆ, 10 ದಿನಗಳ ಸರಾಸರಿಯನ್ನು ಸೂಚ್ಯಂಕದ ಹಿಂದಿನ ಶಿಖರದ ವೇಳೆಯ ಸರಾಸರಿಯೊಂದಿಗೆ ಹೋಲಿಸಿ ನೋಡಿ.