ಸಹಿ ಮಾತ್ರ ನಂದು

ಸರ್ಕಾರಿ ಕನ್ನಡದಲ್ಲಿ ನನಗೆ ಬಲು ಇಷ್ಟವಾದ ಪದ ಒಂದಿದೆ: 'ನಿರ್ದೇಶಿಸಲ್ಪಟ್ಟಿದ್ದೇನೆ'. "ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ತಿಳಿಸಲು ನಾನು ನಿರ್ದೇಶಿಸಲ್ಪಟ್ಟಿದ್ದೇನೆ." ಎಷ್ಟು ಚೆಂದ ನೋಡಿ. ತಿರಸ್ಕರಿಸಿದವರು ಯಾರು ಅಂತ ಗೊತ್ತಾಗುವುದಿಲ್ಲ, ನಿರ್ದೇಶಿಸಿದವರು ಯಾರು ಅಂತಲೂ ಗೊತ್ತಾಗುವುದಿಲ್ಲ. ಕೆಳಗೆ ಸಹಿ ಹಾಕಿದವರು ಒಬ್ಬರಿದ್ದಾರೆ ನಿಜ, ಆದರೆ ಅವರು ಏನೂ ಮಾಡಿಲ್ಲ, ಪಾಪ, ಅವರಿಗೇ ಯಾರೋ ಏನೋ ಮಾಡಿದ್ದಾರೆ.

ತೊಂದರೆ ಏನಂದ್ರೆ, ಕೆಲವು ಕಡೆ ಕಾನೂನು ಆ ಸಹಿ ಹಾಕಿದವರನ್ನೇ ಬೆರಳು ಮಾಡಿ ತೋರಿಸಿರುತ್ತದೆ. ಇಂಥ ಹುದ್ದೆಯಲ್ಲಿರುವವರು ವಿಷಯ ನೋಡಿ, ತಾವೇ ಯೋಚಿಸಿ, ಕೊಡಬೇಕೋ ಬೇಡವೋ ಹೇಳಲಿ ಅಂತ. ಇದಕ್ಕೆ ವಿವೇಚನಾಧಿಕಾರ ಅನ್ನುತ್ತಾರೆ. ಹೆಸರಲ್ಲೇ ವಿವೇಚನೆಯೂ ಇದೆ, ಅಧಿಕಾರವೂ ಇದೆ. ಅಧಿಕಾರವನ್ನು ಎಲ್ಲರೂ ಖುಷಿಯಿಂದ ತಗೊಳ್ಳುತ್ತಾರೆ. ವಿವೇಚನೆಯನ್ನು ಮಾತ್ರ ಫೈಲಿಗೆ ಕಟ್ಟಿ ಮೇಲಕ್ಕೆ ಕಳಿಸಿಬಿಡುತ್ತಾರೆ.

ಈ ಚಾಳಿ ಹೊಸದೇನಲ್ಲ. 1947ರ ಬೊಂಬಾಯಿಗೆ ಹೋಗೋಣ. ಗೋರ್ಧನದಾಸ್ ಭಾನ್ಜಿ ಅನ್ನುವವರಿಗೆ ಅಂಧೇರಿಯಲ್ಲಿ ಒಂದು ಸಿನಿಮಾ ಮಂದಿರ ಕಟ್ಟುವ ಆಸೆ. ಅನುಮತಿ ಕೊಡುವುದು, ಕೊಟ್ಟದ್ದನ್ನು ರದ್ದು ಮಾಡುವುದು, ಎರಡೂ ನಿಯಮದ ಪ್ರಕಾರ ಪೊಲೀಸ್ ಕಮಿಷನರ್ ಕೈಯಲ್ಲಿತ್ತು. 1945ರಲ್ಲಿ ಕಮಿಷನರ್ ಆಗಲ್ಲ ಅಂದರು. ಆಮೇಲೆ ಸಿನಿಮಾ ಸಲಹಾ ಸಮಿತಿ ಕೊಡಬಹುದು ಅಂದಿತು, 1947ರ ಜುಲೈನಲ್ಲಿ ಅನುಮತಿ ಬಂತು. ಸೆಪ್ಟೆಂಬರಿನಲ್ಲಿ ಇನ್ನೊಂದು ಪತ್ರ ಬಂತು. ಅದರ ಸಾರಾಂಶ ಇಷ್ಟೇ: ನಿಮಗೆ ಕೊಟ್ಟ ಅನುಮತಿ ರದ್ದಾಗಿದೆ ಎಂದು ತಿಳಿಸಲು ಸರ್ಕಾರ ನನಗೆ ನಿರ್ದೇಶಿಸಿದೆ. ಸಹಿ ಕಮಿಷನರದ್ದು.

ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1951ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಕಮಿಷನರ್ ಕಡೆಯಿಂದ ಒಂದು ಅಫಿಡವಿಟ್ಟು ಇಟ್ಟುಕೊಂಡು, ಆ ರದ್ದತಿ ನಿಜಕ್ಕೂ ಅವರದ್ದೇ ತೀರ್ಮಾನವಾಗಿತ್ತು ಎಂದು ವಾದಿಸುವ ಪ್ರಯತ್ನ ನಡೆದಿತ್ತು. ಇದು ನನಗೆ ತುಂಬಾ ಹಿಡಿಸಿತು. ಪತ್ರ ಬರೆಯುವಾಗ 'ನಾನಲ್ಲಪ್ಪ, ಸರ್ಕಾರ', ಕೋರ್ಟಿಗೆ ಬಂದ ಮೇಲೆ 'ಸರ್ಕಾರ ಅಲ್ಲ, ನಾನೇ'. ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ. ಆದೇಶವನ್ನು ಅದರಲ್ಲಿರುವ ಮಾತುಗಳಿಂದಲೇ ಓದಬೇಕು, ಬರೆದವರು ಆಮೇಲೆ ಬಂದು 'ನನ್ನ ಮನಸ್ಸಿನಲ್ಲಿ ಇದಿತ್ತು' ಅಂದರೆ ನಡೆಯಲ್ಲ ಅಂದರು. ಕಮಿಷನರ್ ಏನನ್ನೂ ರದ್ದು ಮಾಡಿಲ್ಲ, ಬೇರೆಯವರು ಮಾಡಿದ ರದ್ದತಿಯನ್ನು ಬರೀ ತಲುಪಿಸಿದ್ದಾರೆ. ಅಂದರೆ ಅಂಚೆಯಣ್ಣನ ಕೆಲಸ. ರದ್ದು ಮಾಡುವ ಅಧಿಕಾರ ಇದ್ದವರು ರದ್ದು ಮಾಡಲಿಲ್ಲ, ಮಾಡಿದವರಿಗೆ ಅಧಿಕಾರ ಇರಲಿಲ್ಲ.

ಇಲ್ಲಿ ಜಾಣರು ಒಂದು ಪ್ರಶ್ನೆ ಕೇಳಬಹುದು. ಮೊದಲು ಅನುಮತಿ ಕೊಟ್ಟಾಗಲೂ ಕಮಿಷನರ್ ಸಲಹಾ ಸಮಿತಿಯ ಮಾತು ಕೇಳಿದ್ದರಲ್ಲ, ಅದು ತಪ್ಪಲ್ವಾ? ಅಲ್ಲ. ಯಾರ ಸಲಹೆ ಬೇಕಾದರೂ ಕೇಳಬಹುದು, ಕೇಳಿ ಅಭಿಪ್ರಾಯ ಬದಲಿಸಿಕೊಳ್ಳಬಹುದು. ಕೊನೆಗೆ 'ಹೌದು, ನನಗೂ ಹಾಗೇ ಅನ್ನಿಸಿತು' ಅನ್ನುವವರು ಅವರೇ ಆಗಿದ್ದರೆ ಸಾಕು. ಹಾಗೆಯೇ, 'ನಿರ್ದೇಶಿಸಲ್ಪಟ್ಟಿದ್ದೇನೆ' ಅಂದ ಕೂಡಲೇ ಆದೇಶ ಬಿದ್ದುಹೋಗುವುದೂ ಇಲ್ಲ. ಅಧಿಕಾರ ಸರ್ಕಾರದ್ದೇ ಆಗಿದ್ದು ಅಧೀನ ಕಾರ್ಯದರ್ಶಿ ಅದನ್ನು ತಿಳಿಸಿದರೆ ಅದು ಅವರ ಕೆಲಸವೇ. ಆದ್ದರಿಂದ ಮೊದಲು ಕಾನೂನಿನ ಆ ಕಲಂ ತೆಗೆದು, ಅಲ್ಲಿ ಯಾರ ಹುದ್ದೆ ಬರೆದಿದೆ ಅಂತ ನೋಡಬೇಕು. ಆಮೇಲೆ ಟಿಪ್ಪಣಿ ಹಾಳೆ ನೋಡಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಎಷ್ಟೋ ಸಲ ಸಿಗುತ್ತದೆ. ಒಂದು ಪುಟದಲ್ಲಿ ಅಧಿಕಾರಿ 'ಕೊಡಬಹುದು' ಅಂತ ಕಾರಣ ಸಹಿತ ಬರೆದು, ಮುಂದಿನ ಪುಟದಲ್ಲಿ 'ಚರ್ಚಿಸಿದಂತೆ ತಿರಸ್ಕರಿಸಿದೆ' ಅಂದಿದ್ದರೆ, ಆ ಎರಡು ಪುಟಗಳ ಮಧ್ಯೆ ಒಂದು ಫೋನು ರಿಂಗಾಗಿರಬಹುದು. ಅನುಮಾನ ಪಡಲು ಅಷ್ಟು ಸಾಕು, ಸಾಬೀತು ಮಾಡಲು ಸಾಲದು.

ಇನ್ನೊಂದು ಜಾತಿಯವರಿದ್ದಾರೆ, ಇವರಿಗೆ ಯಾರೂ ಫೋನು ಮಾಡಿರುವುದೇ ಇಲ್ಲ, ತಾವಾಗಿಯೇ ಹೋಗಿ ಬಾಗಿಲು ತಟ್ಟುತ್ತಾರೆ. ಟಾಡಾ ಅಂತ ಆಗ ಭಯೋತ್ಪಾದನೆ ವಿರುದ್ಧ ಒಂದು ಕಾನೂನಿತ್ತು. ಅದರ ಕೆಳಗಿನ ಗುಜರಾತಿನ ಒಂದು ಪ್ರಕರಣದಲ್ಲಿ ಪೂರ್ವಾನುಮೋದನೆ ಕೊಡಬೇಕಿದ್ದವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ. ಅವರು ತಾವು ಕೊಡುವ ಬದಲು, ಟಾಡಾ ಹಾಕಲು ಅನುಮತಿ ಕೊಡಿ ಅಂತ ಸರ್ಕಾರಕ್ಕೆ ಬರೆದರು. ಸರ್ಕಾರ ಕೊಟ್ಟಿತು. ತನಗಿಂತ ದೊಡ್ಡವರೇ ಒಪ್ಪಿದ ಮೇಲೆ ಇನ್ನೇನು ಅನ್ನಿಸುತ್ತದೆ ಅಲ್ವಾ? 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕಾನೂನು ಕೇಳಿದ್ದು ದೊಡ್ಡವರ ತಲೆಯನ್ನಲ್ಲ, ಇವರ ತಲೆಯನ್ನು.

ದೊಡ್ಡವರು ಅಂದರೆ ಎಷ್ಟು ದೊಡ್ಡವರು? ಸಾಕ್ಷಾತ್ ಹೈಕೋರ್ಟು ಆದರೂ ಅಷ್ಟೇ. ಗುಜರಾತಿನದ್ದೇ ಮತ್ತೊಂದು ಪ್ರಕರಣ, ಮನ್ಸುಖ್‌ಲಾಲ್ ಚೌಹಾಣ್ ಅವರದ್ದು. ಭ್ರಷ್ಟಾಚಾರದ ಆರೋಪ. ನೌಕರನ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಮಂಜೂರಾತಿ ಬೇಕು. ಮಂಜೂರಾತಿ ಕೊಡಿ ಅಂತ ಹೈಕೋರ್ಟು ಆದೇಶ ಮಾಡಿತು, ಕಾರ್ಯದರ್ಶಿ ಕೊಟ್ಟರು. ಕೊಡದಿದ್ದರೆ ನ್ಯಾಯಾಂಗ ನಿಂದನೆ. ಚೌಹಾಣ್ ಅವರಿಗೆ ಶಿಕ್ಷೆಯೂ ಆಯಿತು. 1997ರಲ್ಲಿ ಸುಪ್ರೀಂ ಕೋರ್ಟು, ಬೇಡ ಅನ್ನುವ ಸ್ವಾತಂತ್ರ್ಯವೇ ಇಲ್ಲದವರು ಕೊಟ್ಟ ಮಂಜೂರಾತಿ ಮಂಜೂರಾತಿಯೇ ಅಲ್ಲ ಅಂದಿತು. ಯೋಚಿಸಿ ಅಂತ ಹೈಕೋರ್ಟು ಹೇಳಬಹುದಿತ್ತು. ಹೀಗೇ ಯೋಚಿಸಿ ಅನ್ನುವ ಹಾಗಿರಲಿಲ್ಲ.

ಇನ್ನು ಕೆಲವರಿಗೆ ಮೇಲಿನವರ ಕಾಟವೂ ಇರುವುದಿಲ್ಲ, ತಮ್ಮ ಕೈಗೆ ತಾವೇ ಹಗ್ಗ ಕಟ್ಟಿಕೊಳ್ಳುತ್ತಾರೆ. ಆ ಹಗ್ಗದ ಹೆಸರು ಸುತ್ತೋಲೆ. "ಇಲ್ಲಾರೀ, ಸುತ್ತೋಲೆಯಲ್ಲಿಲ್ಲ." ಸುತ್ತೋಲೆ ಹೊರಡಿಸಿದವರು ಯಾರು ಅಂತ ನೋಡಿದರೆ ಅವರೇ! ಸುತ್ತೋಲೆ ಇರಬಾರದು ಅಂತಲ್ಲ. ಸಾವಿರಾರು ಅರ್ಜಿ ನೋಡುವವರಿಗೆ ಒಂದು ಅಳತೆಗೋಲು ಬೇಕೇ ಬೇಕು. ಬ್ರಿಟನ್ನಿನಲ್ಲಿ ಬ್ರಿಟಿಷ್ ಆಕ್ಸಿಜನ್ ಕಂಪನಿ ತನ್ನ ಅನಿಲದ ಸಿಲಿಂಡರುಗಳಿಗೆ ಸರ್ಕಾರಿ ಸಹಾಯಧನ ಕೇಳಿತ್ತು. 25 ಪೌಂಡಿಗಿಂತ ಕಡಿಮೆ ಬೆಲೆಯ ವಸ್ತುವಿಗೆ ಕೊಡುವುದಿಲ್ಲ ಅಂತ ಇಲಾಖೆಯ ನೀತಿ. ಸಿಲಿಂಡರ್ ಒಂದಕ್ಕೆ ಸುಮಾರು 20 ಪೌಂಡು, ಆದರೆ ಕಂಪನಿ ಅವುಗಳ ಮೇಲೆ ಸುರಿದದ್ದು 40 ಲಕ್ಷ ಪೌಂಡಿಗೂ ಜಾಸ್ತಿ. ಕೋರ್ಟು ನೀತಿಯನ್ನು ಒಪ್ಪಿತು, ಆದರೆ ಯಾರಾದರೂ ಹೊಸ ವಿಷಯ ತಂದರೆ ಕಿವಿ ಮುಚ್ಚಿಕೊಳ್ಳಬಾರದು ಅಂದಿತು. ಆ ಇಲಾಖೆ ಕಂಪನಿಯ ಮಾತನ್ನು ಕೇಳಿತ್ತು. ಕೇಳಿಯೂ ಇಲ್ಲ ಅಂದಿತ್ತು. ಹಾಗಾಗಿ ಕಂಪನಿ ಸೋತಿತು.

ಈ ವಿದ್ಯೆ ಕಲಿತು ಗೆದ್ದವರಿಗೆ ಸಿಗುವುದೇನು ಅಂತಲೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಸಾಮಾನ್ಯವಾಗಿ ಕೋರ್ಟು ನಿಮಗೆ ಲೈಸೆನ್ಸು ಕೊಡುವುದಿಲ್ಲ. ಭಾನ್ಜಿ ಪ್ರಕರಣದಲ್ಲೂ, ಆಕ್ಷೇಪಗಳನ್ನು ನೋಡಿ ಸ್ವಂತ ಬುದ್ಧಿಯಿಂದ ತೀರ್ಮಾನಿಸಿ ಅಂತ ಕಮಿಷನರ್‌ಗೆ ಹೇಳಿತು, ಅಷ್ಟೇ. ಅಂದರೆ ನಾಲ್ಕು ವರ್ಷ ಅಲೆದು, ವಕೀಲರ ಫೀಸು ಕಟ್ಟಿ, ತೀರ್ಪಿನ ಪ್ರತಿ ಹಿಡಿದುಕೊಂಡು ನೀವು ಅದೇ ಕಚೇರಿಯ ಅದೇ ಕುರ್ಚಿಯ ಮುಂದೆ ಬಂದು ನಿಲ್ಲುತ್ತೀರಿ. ಸಾಹೇಬರು ಕನ್ನಡಕ ಏರಿಸಿ ತೀರ್ಪು ಓದುತ್ತಾರೆ, ಫೈಲು ತರಿಸುತ್ತಾರೆ, ಪುಟ ಪುಟವನ್ನೂ ನೋಡುತ್ತಾರೆ, ಫೋನನ್ನು ಮುಟ್ಟುವುದೂ ಇಲ್ಲ, ಪೂರ್ತಿ ಒಂದು ದಿನ ಯೋಚಿಸುತ್ತಾರೆ. ಆಮೇಲೆ, ಈ ಸಲ ಯಾರಿಂದಲೂ ನಿರ್ದೇಶಿಸಲ್ಪಡದೆ, ಕಾರಣಗಳನ್ನು ಒಂದೊಂದಾಗಿ ಬರೆದು, ನಿಮ್ಮ ಅರ್ಜಿಯನ್ನು ತಿರಸ್ಕರಿಸುತ್ತಾರೆ.