ಹಳೇ ಫೋಟೊಗೆ ಬಣ್ಣ ಬರಲಿ, ಅಜ್ಜನ ಮುಖ ಹಾಗೇ ಇರಲಿ

ಮನೆಯ ಹಳೇ ಕಪ್ಪು-ಬಿಳುಪು ಫೋಟೊಗೆ ಎಐಯಿಂದ ಬಣ್ಣ ಹಚ್ಚಿಸಿದರೆ ಸೀರೆ, ರುಮಾಲು ಎಲ್ಲಾ ಚೆಂದ ಬರುತ್ತೆ, ಆದರೆ ಕುರ್ಚಿ ಮೇಲೆ ಕುಂತವರು ನಮ್ಮ ಅಜ್ಜ ಆಗಿರೋದಿಲ್ಲ. ಪ್ರಾಂಪ್ಟಿನಲ್ಲಿ "ಮುಖ ಬದಲಿಸಬೇಡ" ಅಂತ ಬರೆದರಷ್ಟೇ ಸಾಲದು. ಚಿತ್ರ ಸೃಷ್ಟಿಸುವ ಟೂಲ್‌ಗಳು ಇದ್ದ ಫೋಟೊ ಮೇಲೆ ಬಣ್ಣ ಬಳಿಯೋದಿಲ್ಲ, ಸಾಮಾನ್ಯವಾಗಿ ಇಡೀ ಚಿತ್ರವನ್ನೇ ಹೊಸದಾಗಿ ಬರೀತವೆ.

ಕಲಬುರಗಿ ಕಡೆಯ ಒಂದು ಮನೆಯ ಅಂಗಳದಲ್ಲಿ, ಶಹಾಬಾದ ಪರಸಿ ಕಲ್ಲಿನ ಮೇಲೆ ಎಂಟು ಜನ ಕುಂತ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಅಂದುಕೊಳ್ಳಿ. 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಇಡೀ ಚಿತ್ರ ಸುಮಾರು 3,300 ಪಿಕ್ಸೆಲ್, ಒಂದೊಂದು ಮುಖ ಸುಮಾರು 200 ಪಿಕ್ಸೆಲ್ ಅಗಲ ಸಿಗುತ್ತೆ. ಟೂಲು ಚಿತ್ರವನ್ನು 1,000 ಪಿಕ್ಸೆಲ್ ಅಗಲಕ್ಕೆ ಇಳಿಸಿತು ಅಂದ್ರೆ ಮುಖಕ್ಕೆ ಉಳಿಯೋದು 60. ಅಷ್ಟರಲ್ಲಿ ಕಣ್ಣಿನ ರೆಪ್ಪೆ, ತುಟಿಯ ಅಂಚು ಇರೋದೇ ಇಲ್ಲ, ಇಲ್ಲದ್ದನ್ನು ಅದು ಊಹಿಸಿ ತುಂಬುತ್ತೆ. ಹಣೆಯ ವಿಭೂತಿಯ ಮೂರು ಗೆರೆಗಳನ್ನು ಗೀರು ಅಂತ ಒರೆಸುತ್ತೆ, ಅಜ್ಜಿಯ ಹಚ್ಚೆ, ಸಿಡುಬಿನ ಕಲೆಗಳನ್ನು ಕೊಳೆ ಅಂತ ತೆಗೀತದೆ.

ಅದಕ್ಕೇ ನನ್ನ ಖಚಿತ ಅಭಿಪ್ರಾಯ: ಎಐಯಿಂದ ಬಣ್ಣ ಮಾತ್ರ ತಗೊಳ್ಳಿ, ಚಿತ್ರ ತಗೋಬೇಡಿ.

ಮೊದಲು ಸ್ಕ್ಯಾನನ್ನು GIMP ಅಥವಾ Photopeaದಂಥ ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು Levelsನಿಂದ ಮಾಸಿದ ಕಪ್ಪು-ಬಿಳುಪನ್ನು ಎತ್ತಿ. ಮುಖದ ಮೇಲಿನ ಬಿರುಕನ್ನು ಹೀಲಿಂಗ್ ಬ್ರಷ್‌ನಿಂದ ಕೈಯಾರೆ ಮುಚ್ಚಿ. ಒಂದು ಕಣ್ಣು ಪೂರಾ ಅಳಿಸಿಹೋಗಿದ್ದರೆ ಹಾಗೇ ಬಿಡಿ, ಅಲ್ಲಿ ಹೊಸ ಕಣ್ಣು ಕೂಡಿಸಿದರೆ ಅದು ಬೇರೆಯವರದಾಗುತ್ತೆ. ಈ ಪ್ರತಿಯನ್ನು ಎಐಗೆ ಕೊಟ್ಟು ಹೀಗೆ ಬರೆಯಿರಿ:

```
ಈ ಫೋಟೊಗೆ ಬಣ್ಣ ಮಾತ್ರ ಹಚ್ಚು. ಅಳತೆ, ಅಂಚು, ಮುಖ, ನೋಟ, ಹಣೆಯ
ವಿಭೂತಿ, ಚರ್ಮದ ಕಲೆ ಯಾವುದನ್ನೂ ಬದಲಿಸಬೇಡ, ನಯ ಮಾಡಬೇಡ.
ಮೈಬಣ್ಣ ಗೋಧಿಗೆಂಪು. ಎಡಗಡೆಯ ಹೆಂಗಸಿನ ಇಳಕಲ್ ಸೀರೆ ಕಡುಹಸಿರು,
ಸೆರಗು ಕೆಂಪು. ನೆಲ ಬೂದು ಬಣ್ಣದ ಕಲ್ಲು.
```

ಬಣ್ಣಗಳನ್ನು ಮನೆಯ ಹಿರಿಯರನ್ನು ಕೇಳಿಯೇ ಬರೆಯಿರಿ. ಕಪ್ಪು-ಬಿಳುಪಿನಲ್ಲಿ ಕಡುಹಸಿರು, ಕಡುಗೆಂಪು ಎರಡೂ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಹೇಳದಿದ್ದರೆ ಪರಸಿ ಸಿಮೆಂಟಾಗುತ್ತೆ, ಮನೆಯಲ್ಲಿ ಬಿದ್ರಿ ಹೂದಾನಿ ಇದ್ದರೆ ಹಿತ್ತಾಳೆಯಾಗುತ್ತೆ. "ಎಚ್‌ಡಿ ಮಾಡು", "ಸ್ಪಷ್ಟ ಮಾಡು" ಅನ್ನೋದನ್ನು ಪೂರಾ ಬಿಡಿ, ಚರ್ಮ ಮೇಣದಂತಾಗೋದು ಬಹಳ ಸಲ ಆ ಮಾತಿನಿಂದಲೇ.

ಬಂದ ಚಿತ್ರವನ್ನು ಸ್ಕ್ಯಾನಿನ ಅಳತೆಗೆ ಹಿಗ್ಗಿಸಿ, ಅದರ ಮೇಲೆ ಲೇಯರ್ ಆಗಿ ಇಟ್ಟು, ಮೋಡ್ Photopeaದಲ್ಲಿ Color, GIMPನಲ್ಲಿ LCh Color ಮಾಡಿ. ಆಗ ಮೇಲಿನಿಂದ ಬಣ್ಣವಷ್ಟೇ ಇಳಿಯುತ್ತೆ, ಬೆಳಕು-ನೆರಳು ಮೂಲ ಫೋಟೊದ್ದೇ ಉಳಿಯುತ್ತೆ. ಒರೆಸಿಹೋಗಿದ್ದ ವಿಭೂತಿ ಹಣೆ ಮೇಲೆ ಮತ್ತೆ ಕಾಣುತ್ತೆ. ಹಿಗ್ಗಿಸಿದ್ದಕ್ಕೆ ಬಣ್ಣ ಸ್ವಲ್ಪ ಮಸುಕಾದರೂ ಚಿಂತೆ ಇಲ್ಲ, ನಮ್ಮ ಕಣ್ಣು ಸಣ್ಣ ವಿವರವನ್ನು ಹೆಚ್ಚಾಗಿ ಬೆಳಕಿನಲ್ಲೇ ಗುರುತಿಸುತ್ತೆ.

ಕೆಡೋದು ಜೋಡಣೆಯಲ್ಲಿ. ಟೂಲು ಅಂಚು ಕತ್ತರಿಸಿದ್ದರೆ ತುಟಿಯ ಕೆಂಪು ಗದ್ದಕ್ಕೆ ಇಳಿದಿರುತ್ತೆ. ಮೋಡನ್ನು ಸ್ವಲ್ಪ ಹೊತ್ತು Differenceಗೆ ಹಾಕಿ ನೋಡಿ. ಗೆರೆಗಳು ಇಡೀ ಚಿತ್ರದಲ್ಲಿ ಜೋಡಿಯಾಗಿ ಹೊಳೆದರೆ ಲೇಯರ್ ಸರಿದಿದೆ, ಸರಿಸಿ ಕೂಡಿಸಿ. ಕಣ್ಣು-ಬಾಯಿಯ ಹತ್ತಿರ ಮಾತ್ರ ಹೊಳೆದರೆ ಟೂಲು ಮುಖ ಬದಲಿಸಿದೆ. ಬದಲಾವಣೆ ಸಣ್ಣದಿದ್ದರೆ Color ಮೋಡ್ ಅದನ್ನು ಮುಚ್ಚುತ್ತೆ. ತಲೆಯೇ ಬೇರೆ ಕಡೆ ತಿರುಗಿದ್ದರೆ ಆ ಚಿತ್ರ ಬಿಟ್ಟು ಮತ್ತೆ ಕೇಳಿ, ಕೇಳುವಾಗ ಮೊದಲು ಶುಚಿ ಮಾಡಿದ ಕಪ್ಪು-ಬಿಳುಪು ಪ್ರತಿಯನ್ನೇ ಕೊಡಿ. ಬಂದ ಚಿತ್ರವನ್ನೇ ತಿರುಗಿ ಕೊಟ್ಟರೆ ಪ್ರತಿ ಸುತ್ತಿಗೂ ಮುಖ ಇನ್ನಷ್ಟು ದೂರ ಹೋಗುತ್ತೆ.