ಮುನ್ನಂದಾಜಿನ ನಿಖರತೆಯನ್ನು ರೆಸ್ಯೂಮೆಯಲ್ಲಿ ಶೇಕಡಾವಾರು ಬರೆಯಬೇಕೇ?

ಪರ

ಹಣಕಾಸು ವಿಶ್ಲೇಷಕರ ರೆಸ್ಯೂಮೆಗಳನ್ನು ಒಂದರ ಹಿಂದೊಂದು ಓದಿದವರಿಗೆ ‘ಆದಾಯದ ಮುನ್ನಂದಾಜಿಗೆ ಮಾಡೆಲ್ ಕಟ್ಟಿದ್ದೇನೆ’ ಎಂಬ ವಾಕ್ಯ ಬಾಯಿಪಾಠವಾಗಿರುತ್ತದೆ. ಮಾಡೆಲ್ ಕಟ್ಟಿದ್ದು ನಿಜವೇ ಇರಬಹುದು, ಆದರೆ ಅದು ಹೇಳಿದ್ದಕ್ಕೂ ಕೊನೆಗೆ ನಡೆದದ್ದಕ್ಕೂ ಎಷ್ಟು ಅಂತರವಿತ್ತು ಎಂಬುದು ಈ ವಾಕ್ಯದಿಂದ ತಿಳಿಯುವುದಿಲ್ಲ. ಮುನ್ನಂದಾಜು ಮಾಡುವವರ ಕೆಲಸಕ್ಕೆ ಆ ಅಂತರಕ್ಕಿಂತ ನೇರವಾದ ಅಳತೆ ಬೇರೊಂದಿಲ್ಲ.

ಬರೆಯುವುದಾದರೆ ಪೂರ್ತಿಯಾಗಿ ಬರೆಯಬೇಕು. ‘ತ್ರೈಮಾಸಿಕ ಶುರುವಾಗುವ ಮೊದಲೇ ಕೊಟ್ಟ ಮಾರಾಟದ ಅಂದಾಜು, ಎಂಟು ತ್ರೈಮಾಸಿಕಗಳಲ್ಲಿ ಸರಾಸರಿ ತಪ್ಪು ಶೇ 11ರಿಂದ ಶೇ 6ಕ್ಕೆ ಇಳಿಯಿತು’ ಎಂಬ ಸಾಲಿನಲ್ಲಿ ಅಂದಾಜು ಯಾವುದರದ್ದು, ಎಷ್ಟು ಮುಂಚಿನದ್ದು, ಎಷ್ಟು ಕಾಲ ಅಳೆದದ್ದು ಎಂಬ ಮೂರೂ ಸಂಗತಿಗಳಿವೆ. ಸಂದರ್ಶಕರು ಇದನ್ನು ಹಿಡಿದು ಪ್ರಶ್ನೆ ಕೇಳಬಹುದು: ತಪ್ಪು ಇಳಿದದ್ದು ಯಾವ ಬದಲಾವಣೆಯಿಂದ? ಉಳಿದ ಶೇ 6ರಲ್ಲಿ ಅಂದಾಜು ಸದಾ ಮೇಲಕ್ಕೇ ವಾಲಿತ್ತೇ, ಅಥವಾ ಎರಡೂ ಕಡೆ ಹಂಚಿಹೋಗಿತ್ತೇ? ಕೆಲಸವನ್ನು ತಾವೇ ಮಾಡಿದವರು ಇಲ್ಲಿ ತಡವರಿಸುವುದಿಲ್ಲ. ಬೇರೆಯವರ ಸಾಲನ್ನು ಎತ್ತಿಕೊಂಡವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ವರದಿಯ ಆವರ್ತವನ್ನೂ ಇದರ ಪಕ್ಕದಲ್ಲೇ ಇಡುವುದು ಒಳ್ಳೆಯದು. ತಿಂಗಳ ಲೆಕ್ಕ ಮುಗಿಸುವುದು ಒಂಬತ್ತು ಕೆಲಸದ ದಿನಗಳಿಂದ ಐದಕ್ಕೆ ಇಳಿದಿದ್ದರೆ, ಹೊಸ ಅಂದಾಜಿಗೆ ವಾಸ್ತವ ಅಂಕಿಗಳು ನಾಲ್ಕು ದಿನ ಮೊದಲೇ ಸಿಗುತ್ತವೆ, ವ್ಯತ್ಯಾಸದ ಕಾರಣ ಹುಡುಕಲು ಸಮಯ ಉಳಿಯುತ್ತದೆ. ನಿಖರತೆ ಹೆಚ್ಚಿದ್ದು ಹೇಗೆಂಬುದಕ್ಕೆ ಅರ್ಧ ಉತ್ತರ ಅಲ್ಲಿಯೇ ಸಿಗಬಹುದು.

ವಿರೋಧ

ಅಂಕಿ ಇದ್ದ ಮಾತ್ರಕ್ಕೆ ಅಳತೆ ಆಯಿತೆಂದು ಒಪ್ಪುವುದು ಕಷ್ಟ. ಒಂದು ಸರಳ ಲೆಕ್ಕವನ್ನು ನೋಡೋಣ. ವಿಶ್ಲೇಷಕರೊಬ್ಬರು ನಾಲ್ಕೂ ತ್ರೈಮಾಸಿಕಗಳಿಗೆ ತಲಾ 100 ಎಂದು ಅಂದಾಜಿಸಿದರು. ನಿಜವಾಗಿ ಬಂದದ್ದು 80, 125, 100 ಮತ್ತು 95. ವರ್ಷದ ಮೊತ್ತ ಎರಡೂ ಕಡೆ 400, ಆದ್ದರಿಂದ ‘ವಾರ್ಷಿಕ ಮುನ್ನಂದಾಜಿನಲ್ಲಿ ಶೇ 100 ನಿಖರತೆ’ ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ತ್ರೈಮಾಸಿಕವಾರು ನೋಡಿದರೆ, ನಿಜವಾಗಿ ಬಂದದ್ದಕ್ಕೆ ಹೋಲಿಸಿದ ತಪ್ಪು ಕ್ರಮವಾಗಿ ಶೇ 25, 20, 0 ಮತ್ತು ಸುಮಾರು 5, ಸರಾಸರಿ ಶೇ 12.6. ಮೊದಲ ತ್ರೈಮಾಸಿಕದ ಕೊರತೆಯನ್ನು ಎರಡನೆಯದರ ಹೆಚ್ಚಳ ನುಂಗಿಹಾಕಿತು, ಅಷ್ಟೇ. ಮೊದಲ ತ್ರೈಮಾಸಿಕದಲ್ಲಿ ಕೈಯಲ್ಲಿ ಹಣವಿಲ್ಲದೆ ಪರದಾಡಿದ ಖಜಾನೆ ವಿಭಾಗದವರಿಗೆ ಆ ಶೇ 100 ಯಾವ ಸಮಾಧಾನ ಕೊಟ್ಟೀತು?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಹಿಂದಿನ ವರ್ಷದ ಅವೇ ತ್ರೈಮಾಸಿಕಗಳ ಅಂಕಿಗಳು 84, 120, 98, 98 ಆಗಿದ್ದವು ಎಂದಿಟ್ಟುಕೊಂಡರೆ, ಅವನ್ನೇ ಹಾಗೆಯೇ ನಕಲು ಮಾಡಿ ಕೊಟ್ಟಿದ್ದರೂ ಸರಾಸರಿ ತಪ್ಪು ಶೇ 3.5ರ ಆಸುಪಾಸಿನಲ್ಲಿ ಇರುತ್ತಿತ್ತು. ಋತುಮಾನದ ಏರಿಳಿತವನ್ನು ಕಾಣದ ಮಾಡೆಲ್ ಏನೂ ಮಾಡದಿರುವುದಕ್ಕಿಂತ ಕಡೆಯಾಯಿತು. ಈ ಹೋಲಿಕೆಯಿಲ್ಲದ ನಿಖರತೆಯ ಅಂಕಿಯಿಂದ ವ್ಯವಹಾರ ಎಷ್ಟು ಸ್ಥಿರವಾಗಿತ್ತೆಂಬುದು ತಿಳಿದೀತು, ವಿಶ್ಲೇಷಕರ ಸಾಮರ್ಥ್ಯ ತಿಳಿಯುವುದಿಲ್ಲ. ತಿಂಗಳ ಬಾಡಿಗೆಯನ್ನು ಯಾರು ಬೇಕಾದರೂ ಸರಿಯಾಗಿ ಅಂದಾಜಿಸಬಲ್ಲರು.

ಅಂಕಿಯನ್ನು ಬಗ್ಗಿಸುವ ದಾರಿಗಳೂ ಇವೆ. ತ್ರೈಮಾಸಿಕದ ಕೊನೆಯ ವಾರದಲ್ಲಿ ಪರಿಷ್ಕರಿಸಿದ ಅಂದಾಜನ್ನೇ ಮೂಲವೆಂದು ಇಟ್ಟುಕೊಂಡು ಅಳೆದರೆ ತಪ್ಪು ತಾನಾಗಿ ಕರಗುತ್ತದೆ. ಮಾರಾಟ ವಿಭಾಗವು ಗುರಿ ಮುಟ್ಟಿದ ಮೇಲೆ ಉಳಿದ ಬಿಲ್ಲುಗಳನ್ನು ಮುಂದಿನ ತಿಂಗಳಿಗೆ ತಳ್ಳಿದಾಗಲೂ ಅಂದಾಜು ಕರಾರುವಾಕ್ಕಾಗಿ ಕಾಣುತ್ತದೆ. ಒಂದು ಸಾಲಿನ ರೆಸ್ಯೂಮೆ ವಾಕ್ಯದಿಂದ ಇವನ್ನು ಪತ್ತೆಹಚ್ಚುವುದು ಸಾಧ್ಯವಿಲ್ಲ.

ಮೌಲ್ಯಮಾಪನದ ಕೆಲಸಕ್ಕಂತೂ ಈ ರೂಢಿ ಹೊಂದುವುದೇ ಇಲ್ಲ. ಮುಂದಿನ ನಗದು ಹರಿವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಕಂಪನಿಗೆ ಬೆಲೆ ಕಟ್ಟಿದಾಗ, ಮೊತ್ತದ ಬಹುಪಾಲು ಸಾಮಾನ್ಯವಾಗಿ ಅಂದಾಜಿನ ಕೊನೆಯ ವರ್ಷದಾಚೆಗಿನ ಟರ್ಮಿನಲ್ ಮೌಲ್ಯದಿಂದಲೇ ಬರುತ್ತದೆ. ಕೊನೆಯ ವರ್ಷದ ಹರಿವು 100 ಇದ್ದು, ಇಂದಿನ ಮೌಲ್ಯಕ್ಕೆ ಇಳಿಸುವ ದರ ಶೇ 10, ಬೆಳವಣಿಗೆ ಶೇ 4 ಎಂದು ಹಿಡಿದರೆ ಆ ಮೌಲ್ಯ ಮುಂದಿನ ವರ್ಷದ ಹರಿವಾದ 104ನ್ನು ಎರಡು ದರಗಳ ಅಂತರವಾದ 0.06ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1,733. ಬೆಳವಣಿಗೆಯನ್ನು ಶೇ 5 ಎಂದು ಬದಲಿಸಿದರೆ 2,100. ಹೀಗೆ ಒಂದು ಊಹೆಯ ಮೇಲೆ ನಿಂತ ಬೆಲೆ ಷೇರುಪೇಟೆಯ ದರಕ್ಕೆ ಹತ್ತಿರ ಬಂದಿತೆಂದು ನಿಖರತೆ ಬರೆದುಕೊಂಡರೆ, ಊಹೆಯನ್ನು ಪೇಟೆಯ ದರಕ್ಕೆ ಹೊಂದಿಸಿಕೊಂಡಿರಬಹುದೆಂಬ ಅನುಮಾನವೇ ಮೊದಲು ಬರುತ್ತದೆ. ಅದರ ಬದಲು ಯಾವ ಊಹೆ ಬದಲಾದಾಗ ಬೆಲೆ ಎಷ್ಟು ಅಲುಗಾಡಿತು, ಅದನ್ನು ನೋಡಿ ಖರೀದಿದಾರರು ತಮ್ಮ ಮಾತುಕತೆಯಲ್ಲಿ ಏನನ್ನು ಬದಲಿಸಿದರು ಎಂದು ಎರಡು ಸಾಲು ಬರೆದವರನ್ನು ನಾನು ಸಂದರ್ಶನಕ್ಕೆ ಕರೆಯುತ್ತೇನೆ.